ಒಬ್ಬರಿಗೆ ನೂರಾ ಹತ್ತು ಸಲ: ಇಳಕಲ್ ಸೀರೆ ವ್ಯಾಪಾರವೊಂದರ ರೀಟಾರ್ಗೆಟಿಂಗ್ ಲೆಕ್ಕ

ಹುಬ್ಬಳ್ಳಿಯ ಮನೆಯೊಂದರಿಂದ ನಡೆಯುವ ಸಣ್ಣ ಸೀರೆ ವ್ಯಾಪಾರ ಇದು. ಮಾಲಕಿ ಇಳಕಲ್‌ನ ನೇಕಾರರಿಂದ ಕೈಮಗ್ಗದ ಸೀರೆ ತರುತ್ತಾರೆ. ತಮ್ಮದೇ ವೆಬ್‌ಸೈಟಿನಲ್ಲೂ ವಾಟ್ಸಾಪ್‌ನಲ್ಲೂ ಮಾರುತ್ತಾರೆ. ಸೀರೆಯ ಬೆಲೆ ಸರಾಸರಿ 4,000 ರೂಪಾಯಿ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ದಿನಕ್ಕೆ 2,000 ರೂಪಾಯಿ ಜಾಹೀರಾತಿಗೆ ಹಾಕುತ್ತಿದ್ದರು. ಅವರು ನನ್ನನ್ನು ಕರೆದದ್ದು ತೊಂದರೆ ಆಗಿದೆ ಅಂತಲ್ಲ. ಒಂದು ಕ್ಯಾಂಪೇನ್ ತುಂಬ ಚೆನ್ನಾಗಿ ಓಡುತ್ತಿದೆ, ಅದರ ಬಜೆಟ್ ಎರಡು ಪಟ್ಟು ಮಾಡಲೇ ಅಂತ ಕೇಳಲು ಕರೆದಿದ್ದರು.

ವ್ಯಾಪಾರದ ಹೆಸರು ಇಲ್ಲಿ ಹೇಳುವುದಿಲ್ಲ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡು ಮಾಡಿದ್ದೇನೆ.

ಆ 2,000 ರೂಪಾಯಿ ಮೂರು ಕಡೆ ಹೋಗುತ್ತಿತ್ತು. 500 ರೂಪಾಯಿ ಹೊಸ ಜನರಿಗೆ ಒಂದು ವಿಡಿಯೋ ತೋರಿಸಲು. ಇನ್ನೊಂದು 500 ಆ ವಿಡಿಯೋ ನೋಡಿದವರಿಗೆ ಮತ್ತೆ ಜಾಹೀರಾತು ತೋರಿಸಲು. ಉಳಿದ 1,000 ವೆಬ್‌ಸೈಟಿನಲ್ಲಿ ಯಾವುದಾದರೂ ಸೀರೆಯ ಪುಟ ತೆರೆದು, ಕೊಳ್ಳದೆ ಹೋದವರಿಗೆ ಅದೇ ಸೀರೆಯನ್ನು ಮತ್ತೆ ತೋರಿಸಲು. ಹೀಗೆ ಒಮ್ಮೆ ನೋಡಿ ಹೋದವರಿಗೇ ಮತ್ತೆ ಜಾಹೀರಾತು ತೋರಿಸುವುದಕ್ಕೆ ರೀಟಾರ್ಗೆಟಿಂಗ್ ಅನ್ನುತ್ತಾರೆ. ಈ ಮೂರನೆಯದೇ ಅವರ ಮೆಚ್ಚಿನ ಕ್ಯಾಂಪೇನ್. ವಾರಕ್ಕೆ 7,000 ಖರ್ಚು, ವರದಿಯಲ್ಲಿ 10 ಆರ್ಡರ್, ಅಂದರೆ 40,000 ರೂಪಾಯಿ ವ್ಯಾಪಾರ. ಹಾಕಿದ ದುಡ್ಡಿಗೆ ಸುಮಾರು ಆರು ಪಟ್ಟು. ಯಾರಿಗೇ ಆದರೂ ಬಜೆಟ್ ಏರಿಸೋಣ ಅನ್ನಿಸುತ್ತದೆ, ಅಲ್ವಾ?

ನಾನು ಮೊದಲು ನೋಡಿದ್ದು ಪಕ್ಕದ ಇನ್ನೊಂದು ಕಾಲಂ. ಏಳು ದಿನದಲ್ಲಿ ಆ ಜಾಹೀರಾತು 46,200 ಸಲ ತೋರಿದೆ. ತಲುಪಿದ ಜನ 2,100. ಭಾಗಿಸಿದರೆ ಫ್ರೀಕ್ವೆನ್ಸಿ 22. ವಾರಕ್ಕೆ ಒಬ್ಬರಿಗೆ ಸರಾಸರಿ 22 ಸಲ.

ವಾರದ ಅಂಕಿ ಹೇಳದೇ ಇದ್ದದ್ದು

22 ಅನ್ನೋದು ಜಾಸ್ತಿ ಅಂತ ಅವರಿಗೂ ಗೊತ್ತಾಯಿತು. ಆದರೆ ಎಷ್ಟು ಜಾಸ್ತಿ ಅಂತ ವಾರದ ಅಂಕಿಯಿಂದ ತಿಳಿಯುವುದಿಲ್ಲ. ಒಬ್ಬ ವ್ಯಕ್ತಿ ನಮ್ಮ ಪಟ್ಟಿಗೆ ಬಂದು, ಅದರಲ್ಲಿ ಇದ್ದು, ಹೊರಗೆ ಹೋಗುವವರೆಗೆ ಒಟ್ಟು ಎಷ್ಟು ಸಲ ಈ ಜಾಹೀರಾತು ನೋಡುತ್ತಾರೆ? ಕೇಳಬೇಕಾದ ಪ್ರಶ್ನೆ ಇದು. ಇದರ ಉತ್ತರ ಜಾಹೀರಾತು ನಡೆಸುವ, ವರದಿ ನೋಡುವ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ನೇರವಾಗಿ ಸಿಗುವುದಿಲ್ಲ. ನಾವೇ ಲೆಕ್ಕ ಹಾಕಬೇಕು. ಜಾಹೀರಾತು ಒಂದು ಸಲ ತೋರಿದರೆ ಅದು ಒಂದು ಇಂಪ್ರೆಷನ್. ಲೆಕ್ಕ ಕಷ್ಟದ್ದೇನಲ್ಲ:

```
ಒಬ್ಬರಿಗೆ ಒಟ್ಟು ಸಲ = ದಿನದ ಇಂಪ್ರೆಷನ್ ÷ ದಿನಕ್ಕೆ ಪಟ್ಟಿಗೆ ಸೇರುವ ಹೊಸ ಜನ
```

ಇವರ ಪಟ್ಟಿ 30 ದಿನದ್ದು. ಅಂದರೆ ಸೀರೆಯ ಪುಟ ನೋಡಿದವರು 30 ದಿನ ಪಟ್ಟಿಯಲ್ಲಿ ಇರುತ್ತಾರೆ, ಆಮೇಲೆ ತಾವಾಗಿಯೇ ಹೊರಗೆ ಹೋಗುತ್ತಾರೆ. ದಿನಕ್ಕೆ ಸುಮಾರು 60 ಹೊಸಬರು ಸೇರುತ್ತಿದ್ದರು. ದಿನಕ್ಕೆ 6,600 ಸಲ ಜಾಹೀರಾತು ತೋರುತ್ತಿತ್ತು. 6,600 ಭಾಗಿಸು 60. ಒಬ್ಬರಿಗೆ 110 ಸಲ.

ನೂರಾ ಹತ್ತು! ಒಂದು ಸೀರೆಯ ಪುಟ ತೆರೆದು ಅರ್ಧ ನಿಮಿಷ ನೋಡಿ ಮುಚ್ಚಿದವರಿಗೆ. ಅದೂ ಸರಾಸರಿ. ಫೋನು ಜಾಸ್ತಿ ಹಿಡಿಯುವವರಿಗೆ, ಹಿಂದೆ ಜಾಹೀರಾತು ಒತ್ತಿದ ಅಭ್ಯಾಸ ಇರುವವರಿಗೆ ಇದಕ್ಕಿಂತ ಎಷ್ಟೋ ಜಾಸ್ತಿ ಹೋಗಿರುತ್ತದೆ. ಯಾರು ಆರ್ಡರ್ ಮಾಡುವ ಸಾಧ್ಯತೆ ಇದೆಯೋ ಅವರ ಹಿಂದೆಯೇ ವ್ಯವಸ್ಥೆ ಹೋಗುತ್ತದೆ. ಅದರ ಕೆಲಸವೇ ಅದು.

ಹೀಗೆ ಆಗಲು ಕಾರಣ ಸರಳ. ಪಟ್ಟಿ ಸಣ್ಣದು, ದುಡ್ಡು ದೊಡ್ಡದು. ದಿನಕ್ಕೆ 1,000 ರೂಪಾಯಿ ಕೊಟ್ಟು ಖರ್ಚು ಮಾಡು ಅಂದರೆ ಅದು ಖರ್ಚು ಮಾಡಿಯೇ ಮಾಡುತ್ತದೆ. ಹೊಸ ಜನ ಇಲ್ಲದಿದ್ದರೆ ಇದ್ದವರಿಗೇ ಮತ್ತೆ ಮತ್ತೆ ತೋರಿಸುತ್ತದೆ.

ಹತ್ತು ಆರ್ಡರ್ ಯಾರದ್ದು?

ಹಾಗಾದರೆ ಆ 10 ಆರ್ಡರ್? ಅವು ಸುಳ್ಳಲ್ಲ. ಅಷ್ಟು ಸೀರೆ ಹೋಗಿದ್ದು ನಿಜ. ಆದರೆ ಜಾಹೀರಾತಿನಿಂದಲೇ ಹೋದವೇ ಅನ್ನೋದು ಬೇರೆ ಮಾತು.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡನ್ನೂ ನಡೆಸುವ ಕಂಪನಿ ಮೆಟಾ. ಅಲ್ಲಿ ಸಾಮಾನ್ಯವಾಗಿ ಲೆಕ್ಕ ಹೀಗೆ ಇರುತ್ತದೆ: ಜಾಹೀರಾತು ಒತ್ತಿದ 7 ದಿನದೊಳಗೆ ಕೊಂಡರೆ ಅದಕ್ಕೆ ಲೆಕ್ಕ, ಒತ್ತದೆ ಸುಮ್ನೆ ಕಣ್ಣಿಗೆ ಬಿದ್ದು 1 ದಿನದೊಳಗೆ ಕೊಂಡರೂ ಅದಕ್ಕೇ ಲೆಕ್ಕ. ಈಗ ಯೋಚಿಸಿ. ದಿನಕ್ಕೆ ಮೂರು ಸಲ ಜಾಹೀರಾತು ನೋಡುತ್ತಿರುವ ಪಟ್ಟಿ ಇದು. ಈ ಪಟ್ಟಿಯವರು ಯಾವ ದಿನ ಕೊಂಡರೂ, ಹಿಂದಿನ 24 ಗಂಟೆಯಲ್ಲಿ ಜಾಹೀರಾತು ಅವರ ಕಣ್ಣಿಗೆ ಬಿದ್ದೇ ಇರುತ್ತದೆ. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಆರ್ಡರಿನ ಶ್ರೇಯವೂ ಈ ಕ್ಯಾಂಪೇನಿಗೇ ಹೋಗುತ್ತದೆ. ತೋರಿಸುವುದು ಜಾಸ್ತಿ ಆದಷ್ಟೂ ವರದಿ ಚೆನ್ನಾಗಿ ಕಾಣುತ್ತದೆ.

ವರದಿಯ ಕಾಲಂಗಳಲ್ಲಿ ಒತ್ತಿ ಕೊಂಡವರು ಎಷ್ಟು, ನೋಡಿ ಕೊಂಡವರು ಎಷ್ಟು ಅಂತ ಬೇರೆ ಬೇರೆ ಮಾಡಿ ತೋರಿಸಲು ಅವಕಾಶ ಇದೆ. ಮಾಡಿದೆವು. 10ರಲ್ಲಿ ಒತ್ತಿ ಕೊಂಡವರು 3. ಉಳಿದ 7 ಬರೀ ನೋಡಿದವರು. ವೆಬ್‌ಸೈಟಿನ ಆ ವಾರದ ಒಟ್ಟು ಆರ್ಡರ್ 12. ಅದರಲ್ಲಿ 10 ತನ್ನದೇ ಅನ್ನುತ್ತಿತ್ತು ಈ ಕ್ಯಾಂಪೇನ್. ಹಳೆಯ ಗಿರಾಕಿಗಳು, ಇನ್‌ಸ್ಟಾಗ್ರಾಮ್ ಪುಟ ನೋಡಿ ಬಂದವರು, ನೆಂಟರು ಹೇಳಿ ಬಂದವರು ಎಲ್ಲ ಸೇರಿ ಬರೀ 2 ಅಂತ ನಂಬೋದು ಕಷ್ಟ.

ಇದರ ಜೊತೆಗೆ ಇನ್ನೊಂದು ಗುರುತು ಇತ್ತು. ಶುರುವಿನ ವಾರಗಳಲ್ಲಿ ನೂರು ಸಲ ತೋರಿದರೆ ಇಬ್ಬರು ಒತ್ತುತ್ತಿದ್ದರು. ಈಗ ನೂರಕ್ಕೆ ಒಬ್ಬರೂ ಇಲ್ಲ. ಜಾಹೀರಾತಿನ ಗುಣಮಟ್ಟದ ಕಾಲಂನಲ್ಲಿ ‘ಸರಾಸರಿಗಿಂತ ಕೆಳಗೆ’ ಅಂತ ಬಂದಿತ್ತು. ಆರ್ಡರ್ ಕಾಲಂ ಮಾತ್ರ ನೋಡುತ್ತಿದ್ದರೆ ಇವೆರಡೂ ಕಣ್ಣಿಗೆ ಬೀಳುವುದಿಲ್ಲ.

ವಾಟ್ಸಾಪ್‌ನಲ್ಲಿ ಕೊಂಡವರು

ಮಾಲಕಿಯ ಫೋನಿನಲ್ಲಿ ಬಾಗಲಕೋಟೆ ಕಡೆಯ ಗಿರಾಕಿಯೊಬ್ಬರ ಸಂದೇಶ ಇತ್ತು: “ಅಕ್ಕಾರ, ಸೀರಿ ತಗೊಂಡು ಉಟ್ಟೂ ಆತು. ಇನ್ನೂ ದಿನಾ ಅದ ಸೀರಿ ಫೋನಿನ್ಯಾಗ ಬರಾಕತ್ತೈತಲ್ರಿ!” ಅದರ ಕೆಳಗೆ ಒಂದು ನಗು ಚಿತ್ರ. ಮಾಲಕಿಯೂ ನಕ್ಕು ಬಿಟ್ಟಿದ್ದರು. ನನಗೆ ಅದು ಇಡೀ ಪ್ರಕರಣದ ಮುಖ್ಯ ಸುಳಿವು ಅನ್ನಿಸಿತು.

ಕೊಂಡವರನ್ನು ಪಟ್ಟಿಯಿಂದ ತೆಗೆಯುವ ಏರ್ಪಾಡು ಇತ್ತು. ವೆಬ್‌ಸೈಟಿನಲ್ಲಿ ಹಣ ಕಟ್ಟಿದ ಮೇಲೆ ಬರುವ ಪುಟದಲ್ಲಿ `Purchase` ಅನ್ನುವ ಗುರುತು ಮೆಟಾಕ್ಕೆ ಹೋಗುತ್ತಿತ್ತು. ಆ ಗುರುತು ಬಂದವರಿಗೆ ಜಾಹೀರಾತು ನಿಲ್ಲುತ್ತಿತ್ತು. ಆದರೆ ಈ ಗಿರಾಕಿ ಸೀರೆಯನ್ನು ವೆಬ್‌ಸೈಟಿನಲ್ಲಿ ನೋಡಿದ್ದರು, ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ, “ಇದು ಐತೇನ್ರಿ?” ಅಂತ ಕೇಳಿ, ಯುಪಿಐನಲ್ಲಿ ದುಡ್ಡು ಹಾಕಿದ್ದರು. ವೆಬ್‌ಸೈಟಿಗೆ ಇದು ಗೊತ್ತೇ ಇಲ್ಲ. ಅದರ ಲೆಕ್ಕದಲ್ಲಿ ಅವರು ನೋಡಿ, ಕೊಳ್ಳದೆ ಹೋದವರು.

ವಾರಕ್ಕೆ ಸುಮಾರು 8 ಸೀರೆ ಹೀಗೆ ವಾಟ್ಸಾಪ್‌ನಲ್ಲಿ ಹೋಗುತ್ತಿದ್ದವು. ನಮ್ಮ ಕಡೆ ಸೀರೆ, ಒಡವೆ, ಮಸಾಲೆ ಪುಡಿ ಮಾರುವ ಎಷ್ಟೋ ಸಣ್ಣ ವ್ಯಾಪಾರಗಳಲ್ಲಿ ಹೀಗೇ ನಡೆಯುತ್ತದೆ. ನೋಡೋದು ಒಂದು ಕಡೆ, ಕೊಳ್ಳೋದು ಇನ್ನೊಂದು ಕಡೆ. ರೀಟಾರ್ಗೆಟಿಂಗ್ ಅತಿ ಹೆಚ್ಚು ಕಾಡುವುದು ಇಂಥ ಗಿರಾಕಿಗಳನ್ನೇ. ದುಡ್ಡು ಕೊಟ್ಟವರನ್ನೇ!

ದಾರಿ ಇದೆ. ವಾಟ್ಸಾಪ್ ಆರ್ಡರ್‌ಗಳ ಫೋನ್ ನಂಬರುಗಳನ್ನು ಒಂದು ಶೀಟಿನಲ್ಲಿ ಬರೆದಿಟ್ಟು, ಮುಂದೆ 91 ಸೇರಿಸಿ, ಗಿರಾಕಿಗಳ ಪಟ್ಟಿಯಾಗಿ ಆ್ಯಡ್ಸ್ ಮ್ಯಾನೇಜರ್‌ಗೆ ಹಾಕಬೇಕು. ಆ ಪಟ್ಟಿಯನ್ನು ಕ್ಯಾಂಪೇನಿನಿಂದ ಹೊರಗಿಡಬೇಕು. ನಂಬರುಗಳು ಹೋಗುವ ಮೊದಲು ಸಂಕೇತವಾಗಿ ಬದಲಾಗುತ್ತವೆ. ಹಾಗಿದ್ದರೂ ಗಿರಾಕಿಗೆ ಹೇಳದೆ ಅವರ ನಂಬರು ಬಳಸಬಾರದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ. ಮಾಲಕಿ ಆರ್ಡರ್ ಖಚಿತಪಡಿಸುವ ಸಂದೇಶದಲ್ಲೇ ಒಂದು ಸಾಲು ಸೇರಿಸಿದರು: ನಿಮಗೆ ಮತ್ತೆ ಮತ್ತೆ ಜಾಹೀರಾತು ಬರದ ಹಾಗೆ ಮಾಡಲು ನಿಮ್ಮ ನಂಬರು ಬಳಸುತ್ತೇವೆ, ಬೇಡವಾದರೆ ಹೇಳಿ. ಬೇಡ ಅಂದವರ ನಂಬರು ಹಾಕುವುದಿಲ್ಲ.

ಎಲ್ಲ ನಂಬರೂ ಹೊಂದುವುದಿಲ್ಲ. ಫೇಸ್‌ಬುಕ್‌ಗೆ ಕೊಟ್ಟ ನಂಬರು ಬೇರೆ, ವಾಟ್ಸಾಪ್ ನಂಬರು ಬೇರೆ ಇರುವವರು ಬೇಕಾದಷ್ಟು ಜನ. ಅಂಥವರು ತಪ್ಪಿಸಿಕೊಳ್ಳುತ್ತಾರೆ. ಅದಕ್ಕೇ ಈ ಪಟ್ಟಿಯೊಂದನ್ನೇ ನಂಬಿ ಕೂರುವ ಹಾಗಿಲ್ಲ. ಅವಧಿಯನ್ನೂ ಕಡಿಮೆ ಮಾಡಬೇಕು.

ಹತ್ತು ದಿನ, ಹನ್ನೆರಡು ಸಲ

ಒಬ್ಬ ಗಿರಾಕಿ ಸೀರೆಯ ಪುಟವನ್ನು ಮೊದಲ ಸಲ ನೋಡಿದ ಎಷ್ಟು ದಿನಕ್ಕೆ ಕೊಳ್ಳುತ್ತಾರೆ? ಗೂಗಲ್ ಅನಾಲಿಟಿಕ್ಸ್‌ನಲ್ಲಿ ಕೊಳ್ಳುವ ಮೊದಲು ಎಷ್ಟು ದಿನ ಹಿಡಿಯಿತು ಅನ್ನುವ ವರದಿ ಇದೆ. ವಾಟ್ಸಾಪ್ ಆರ್ಡರ್‌ಗಳಿಗೆ ಮಾಲಕಿಯೇ ಹಳೆಯ ಮಾತುಕತೆ ತೆರೆದು, ಮೊದಲ ಸ್ಕ್ರೀನ್‌ಶಾಟ್ ಬಂದ ದಿನ ಮತ್ತು ದುಡ್ಡು ಬಂದ ದಿನ ಬರೆದುಕೊಂಡರು. ಎರಡೂ ಒಂದೇ ಕತೆ ಹೇಳಿದವು. ಬಹಳಷ್ಟು ಜನ ನಾಲ್ಕು ದಿನದೊಳಗೆ ಕೊಳ್ಳುತ್ತಾರೆ. ಹತ್ತು ದಿನ ದಾಟಿದ ಮೇಲೆ ಕೊಂಡವರು ಬೆರಳೆಣಿಕೆಯಷ್ಟು.

ಇದಕ್ಕೆ ಕಾರಣವೂ ಇದೆ. ಇವರ ಅಂಗಡಿಯ ಕೈಮಗ್ಗದ ಸೀರೆಗಳಲ್ಲಿ ಹೆಚ್ಚಿನವು ಒಂದೊಂದೇ ಇರುತ್ತವೆ. ಇದೇ ಬಣ್ಣದ ಮೈ, ಇದೇ ಗೋಮಿ ದಡಿ ಇನ್ನೊಂದು ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಬೇಕಾದವರು ಬೇಗ ತೀರ್ಮಾನ ಮಾಡುತ್ತಾರೆ. ಫ್ರಿಜ್ಜೋ ಮಂಚವೋ ಆಗಿದ್ದರೆ 30 ದಿನ ಸರಿ ಇರುತ್ತಿತ್ತೇನೋ. ಈ ಸೀರೆಗೆ ಅಷ್ಟು ಬೇಡ.

ಹಾಗಾಗಿ ಪಟ್ಟಿಯ ಅವಧಿಯನ್ನು 30ರಿಂದ 10 ದಿನಕ್ಕೆ ಇಳಿಸಿದೆವು. ಆ ಹತ್ತು ದಿನದಲ್ಲಿ ಒಬ್ಬರಿಗೆ ಒಟ್ಟು 12 ಸಲ ತೋರಿದರೆ ಸಾಕು ಅಂತ ನಿರ್ಧರಿಸಿದೆವು. ಈ 12 ಯಾವ ಶಾಸ್ತ್ರದಿಂದಲೂ ಬಂದದ್ದಲ್ಲ. ದಿನಕ್ಕೆ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ ಇರಲಿ ಅಂತ ಇಟ್ಟದ್ದು. ಜಾಹೀರಾತು ಪರದೆ ಮೇಲೆ ಬಂದರೆ ಸಾಕು, ಇಂಪ್ರೆಷನ್ ಅಂತ ಎಣಿಕೆ ಆಗುತ್ತದೆ. ನಿಜವಾಗಿ ಕಣ್ಣಿಟ್ಟು ನೋಡೋದು ಅದರಲ್ಲಿ ಕೆಲವು ಸಲ ಮಾತ್ರ. ಅದಕ್ಕೇ ಮೂರು ನಾಲ್ಕು ಅಂತ ತೀರಾ ಕಡಿಮೆ ಇಡಲಿಲ್ಲ.

ಈಗ ಇದನ್ನು ಜಾರಿ ಮಾಡುವುದು ಹೇಗೆ? ಇಲ್ಲೇ ಎಷ್ಟೋ ಜನ ಸಿಕ್ಕಿಕೊಳ್ಳುತ್ತಾರೆ. ಜಾಗೃತಿ ಕ್ಯಾಂಪೇನಿನಲ್ಲಿ ರೀಚ್ ಗುರಿ, ಅಂದರೆ ಆದಷ್ಟು ಹೆಚ್ಚು ಜನರನ್ನು ತಲುಪುವ ಗುರಿ ಇಟ್ಟರೆ, ಇಷ್ಟು ದಿನಕ್ಕೆ ಇಷ್ಟು ಸಲ ಅಂತ ಮಿತಿ ಹಾಕಲು ಜಾಗ ಸಿಗುತ್ತದೆ. ಮಾರಾಟದ ಗುರಿ ಇರುವ ಸಾಮಾನ್ಯ ಕ್ಯಾಂಪೇನಿನಲ್ಲಿ ಅಂಥ ಜಾಗ ಇಲ್ಲ. ನೋಡಿದ ಸೀರೆಯನ್ನೇ ಕ್ಯಾಟಲಾಗಿನಿಂದ ತೆಗೆದು ತೋರಿಸುವ ಜಾಹೀರಾತು ಮಾರಾಟದ ಗುರಿಯದ್ದು. ಅಲ್ಲಿ ಬಜೆಟ್ಟೇ ಮಿತಿ. ಇವರಿಗೆ 6,600 ಇಂಪ್ರೆಷನ್ನಿಗೆ 1,000 ರೂಪಾಯಿ ಹೋಗುತ್ತಿತ್ತು, ಅಂದರೆ ಸಾವಿರಕ್ಕೆ ಸುಮಾರು 150. ಹಿಂದಿನ ಲೆಕ್ಕವನ್ನೇ ತಿರುಗಿಸಿ ಹಾಕಬೇಕು:

```
ದಿನದ ಬಜೆಟ್ = ಹೊಸ ಜನ × ಸಲ × (ಸಾವಿರ ಇಂಪ್ರೆಷನ್ನಿನ ಬೆಲೆ ÷ 1000)
            = 60 × 12 × (150 ÷ 1000)
            = 108 ರೂಪಾಯಿ
```

1,000 ರೂಪಾಯಿ ಖರ್ಚಾಗುತ್ತಿದ್ದ ಕಡೆ 110 ಸಾಕು. ಮಾಲಕಿ ಮೊದಲು ಒಪ್ಪಲಿಲ್ಲ. “ಒಂದು ಸೊನ್ನಿ ಬಿಟ್ಟೀರೇನ್ರಿ ಸರ?” ಅಂತ ಕೇಳಿದರು. ಬಿಟ್ಟಿರಲಿಲ್ಲ. ಜೊತೆಯಲ್ಲೇ ಕೂತು ಇನ್ನೊಂದು ಸಲ ಲೆಕ್ಕ ಮಾಡಿದೆವು.

ಬಜೆಟ್ ಇಷ್ಟು ಇಳಿಸಿದರೆ ಕ್ಯಾಂಪೇನು ಕಲಿಕೆಯ ಹಂತದಿಂದ, ಅಂದರೆ ಯಾರಿಗೆ ತೋರಿಸಿದರೆ ಕೊಳ್ಳುತ್ತಾರೆ ಅಂತ ವ್ಯವಸ್ಥೆ ಕಲಿಯುವ ಹಂತದಿಂದ, ಹೊರಗೇ ಬರುವುದಿಲ್ಲ. ವಾರಕ್ಕೆ ಸುಮಾರು 50 ಆರ್ಡರ್ ಬಂದರೆ ಆ ಹಂತ ಮುಗಿಯುತ್ತದೆ ಅಂತ ಮೆಟಾ ಹೇಳುತ್ತದೆ. ಇವರಿಗೆ 1,000 ರೂಪಾಯಿ ಹಾಕಿದಾಗಲೂ ಅಷ್ಟು ಬರುತ್ತಿರಲಿಲ್ಲ. ಇಂಥ ಸಣ್ಣ ಪಟ್ಟಿಗೆ ಕಲಿಕೆ ಮುಗಿದಿಲ್ಲ ಅನ್ನುವ ಎಚ್ಚರಿಕೆ ಬಂದರೆ ಹೆದರಿ ಬಜೆಟ್ ಏರಿಸಬೇಡಿ. ಯಾರಿಗೆ ತೋರಿಸಬೇಕು ಅಂತ ಪಟ್ಟಿಯೇ ಹೇಳಿರುವಾಗ ವ್ಯವಸ್ಥೆ ಕಲಿಯಬೇಕಾದ್ದು ಜಾಸ್ತಿ ಏನಿಲ್ಲ.

ಅವಧಿ ಮತ್ತು ಬಜೆಟ್ ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ ಅನ್ನೋದನ್ನು ಮರೆಯಬಾರದು. ಬಜೆಟ್ ಸರಾಸರಿಯನ್ನು ಹಿಡಿದಿಡುತ್ತದೆ. ಸರಾಸರಿ 12 ಆದರೂ ಯಾರಿಗೋ 25 ಹೋಗುತ್ತದೆ. ಅವರನ್ನು ಕಾಪಾಡುವುದು ಅವಧಿ. ಹತ್ತು ದಿನ ಆದ ಮೇಲೆ ಏನೇ ಆದರೂ ನಿಲ್ಲುತ್ತದೆ. ಆದರೆ ಇದರಲ್ಲೂ ಒಂದು ಸಣ್ಣ ತೂತು ಇದೆ. ಪಟ್ಟಿಯಲ್ಲಿರುವವರು ಜಾಹೀರಾತು ಒತ್ತಿ ಮತ್ತೆ ಸೀರೆಯ ಪುಟಕ್ಕೆ ಬಂದರೆ, ಹತ್ತು ದಿನದ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಕೈ ತಾಗಿ ಒತ್ತಿದರೂ ಅಷ್ಟೇ. 30 ದಿನದ ಪಟ್ಟಿಯಲ್ಲಿ ಹೀಗೆ ಆದರೆ ಎರಡು ತಿಂಗಳು ಕಾಟ. 10 ದಿನದ್ದರಲ್ಲಿ ಪರವಾಗಿಲ್ಲ.

ಮೊದಲ ಮೂರು ದಿನಕ್ಕೆ ಒಂದು ಗುಂಪು, ಉಳಿದ ಏಳು ದಿನಕ್ಕೆ ಇನ್ನೊಂದು ಗುಂಪು ಮಾಡಿ ಬೇರೆ ಬೇರೆ ಜಾಹೀರಾತು ತೋರಿಸೋಣ ಅಂತ ಮಾಲಕಿ ಕೇಳಿದರು. ದಿನಕ್ಕೆ 60 ಜನ ಬರುವ ಕಡೆ ಅದು ಬೇಡ ಅಂತ ಹೇಳಿದೆ. 110 ರೂಪಾಯಿಯನ್ನು ಎರಡು ಪಾಲು ಮಾಡಿದರೆ ಎರಡರಿಂದಲೂ ಏನೂ ತಿಳಿಯುವುದಿಲ್ಲ. ಒಂದೇ ಗುಂಪಿನಲ್ಲಿ ಎರಡು ಜಾಹೀರಾತು ಇಟ್ಟೆವು. ಒಂದು, ನೋಡಿದ ಸೀರೆಯನ್ನೇ ತೋರಿಸುವುದು. ಇನ್ನೊಂದು, ಗಿರಾಕಿಗಳು ವಾಟ್ಸಾಪ್‌ನಲ್ಲಿ ಯಾವಾಗಲೂ ಕೇಳುವುದಕ್ಕೆ ಉತ್ತರ: ಬಿಸಿಲಲ್ಲಿ ಸೆರಗಿನ ಕೆಂಪು ಹೇಗೆ ಕಾಣುತ್ತದೆ, ಬಣ್ಣ ಬಿಡುತ್ತದೆಯೇ, ಬ್ಲೌಸ್ ಪೀಸ್ ಇದೆಯೇ. ‘ನೀವು ನಿನ್ನೆ ನೋಡಿದ ಸೀರೆ’ ಅಂತ ಎಲ್ಲೂ ಬರೆಯಲಿಲ್ಲ. ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನುವ ಭಾವನೆ ಬರಬಾರದು.

ಇನ್ನೊಂದು ದೋಷ ಈ ಹೊತ್ತಲ್ಲೇ ಸಿಕ್ಕಿತು. ಮಾರಿಹೋದ ಸೀರೆಗಳೂ ಜಾಹೀರಾತಿನಲ್ಲಿ ಬರುತ್ತಿದ್ದವು. ಸೀರೆಯ ಪುಟದಿಂದ ಹೋಗುವ ಗುರುತು ಸರಿಯಾಗಿಯೇ ಇತ್ತು:

```
fbq('track', 'ViewContent', {
  content_ids: ['ILK-204'],
  content_type: 'product',
  value: 4000, currency: 'INR'
});
```

ಇಲ್ಲಿನ `ILK-204` ಅನ್ನುವುದು ಕ್ಯಾಟಲಾಗಿನ ಸಂಖ್ಯೆಗೆ ಅಕ್ಷರಶಃ ಹೊಂದಬೇಕು. ಹೊಂದಿತ್ತು. ಆದರೆ ಕ್ಯಾಟಲಾಗು ದಿನಕ್ಕೆ ಒಂದೇ ಸಲ ಹೊಸದಾಗುತ್ತಿತ್ತು. ಬೆಳಿಗ್ಗೆ ಮಾರಿದ ಸೀರೆ ಮಾರನೆಯ ದಿನದವರೆಗೂ ‘ಲಭ್ಯ’ ಅಂತಲೇ ಓಡಾಡುತ್ತಿತ್ತು. ವಾಟ್ಸಾಪ್‌ನಲ್ಲಿ ಮಾರಿದ್ದಂತೂ ಯಾರಾದರೂ ವೆಬ್‌ಸೈಟಿನಲ್ಲಿ ಸ್ಟಾಕ್ ತೆಗೆಯುವವರೆಗೆ ಹಾಗೇ ಇರುತ್ತಿತ್ತು. ಕ್ಯಾಟಲಾಗನ್ನು ಗಂಟೆಗೊಮ್ಮೆ ಹೊಸದಾಗುವಂತೆ ಬದಲಿಸಿದೆವು. ವಾಟ್ಸಾಪ್‌ನಲ್ಲಿ ದುಡ್ಡು ಬಂದ ಕೂಡಲೇ ಸ್ಟಾಕ್ ಸೊನ್ನೆ ಮಾಡುವುದು ಮಾಲಕಿಯ ಕೆಲಸ.

ವಿಡಿಯೋ ನೋಡಿದವರು: ಇಲ್ಲಿ ತೊಂದರೆ ಬೇರೆ

ವಿಡಿಯೋ ನೋಡಿದವರ ಪಟ್ಟಿಯಲ್ಲಿ ಫ್ರೀಕ್ವೆನ್ಸಿ ವಾರಕ್ಕೆ ಒಂದೂವರೆಯೂ ದಾಟಿರಲಿಲ್ಲ. ಅಂಕಿ ನೋಡಿದರೆ ಆರೋಗ್ಯವಾಗಿದೆ. ಆದರೆ ಅಲ್ಲಿಂದ ಸೀರೆ ಕೊಂಡವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಉತ್ಪನ್ನ ನೋಡಿದವರ ಪಟ್ಟಿಯಲ್ಲಿ ಜನ ಸರಿ, ಸಲ ತಪ್ಪು. ಇಲ್ಲಿ ಸಲ ಸರಿ, ಜನ ತಪ್ಪು.

ಪಟ್ಟಿಯ ನಿಯಮ ಹೀಗಿತ್ತು: ಕಳೆದ 365 ದಿನದಲ್ಲಿ ವಿಡಿಯೋವನ್ನು ಕನಿಷ್ಠ 3 ಸೆಕೆಂಡ್ ನೋಡಿದವರು. 1,40,000 ಜನ. ಈ ಸಂಖ್ಯೆ ನೋಡಿದರೆ ಖುಷಿ ಆಗುತ್ತದೆ. ಆದರೆ ಫೀಡಿನಲ್ಲಿ ವಿಡಿಯೋ ತಾನಾಗಿಯೇ ಓಡುತ್ತದೆ. ಬೆರಳು ಸ್ವಲ್ಪ ನಿಂತರೆ 3 ಸೆಕೆಂಡ್ ಆಗಿಹೋಗುತ್ತದೆ. ಅದೂ ಹತ್ತು ತಿಂಗಳ ಹಿಂದೆ!

ಮೆಟಾದಲ್ಲಿ ಆಯ್ಕೆಗಳು ಇವು: 3 ಸೆಕೆಂಡ್, 10 ಸೆಕೆಂಡ್, ಪೂರ್ತಿ ಅಥವಾ ಕನಿಷ್ಠ 15 ಸೆಕೆಂಡ್ ನೋಡಿದ `ThruPlay`, ಆಮೇಲೆ ಶೇಕಡಾ 25, 50, 75, 95. ಯಾವುದನ್ನು ಆರಿಸಬೇಕು ಅಂತ ಕೇಳಿದರೆ ಬಹಳ ಜನ ಸುಮ್ನೆ 50 ಅಂತಾರೆ. ನನ್ನ ಪ್ರಕಾರ ಇದಕ್ಕೆ ಉತ್ತರ ವಿಡಿಯೋದ ಒಳಗೇ ಇದೆ. ಅದನ್ನು ಸೆಕೆಂಡ್ ಸೆಕೆಂಡ್ ನಿಲ್ಲಿಸಿ ನೋಡಬೇಕು.

ಇವರ ವಿಡಿಯೋ 70 ಸೆಕೆಂಡಿನದು. ಮೊದಲಿಗೆ ಮಗ್ಗದ ಸದ್ದು. ಆಮೇಲೆ ನೇಕಾರರೊಬ್ಬರು ಮೈಯ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಕೊಂಡಿ ಹಾಕುವುದು. ಒಂದೊಂದೇ ಎಳೆ, ಬೆರಳ ತುದಿಯಲ್ಲಿ. ಇಳಕಲ್ ಸೀರೆಯ ವಿಶೇಷವೇ ಈ ಕೊಂಡಿ. ಯಾರು ನೋಡಿದರೂ ಕಣ್ಣು ಕೀಳಲಾಗುವುದಿಲ್ಲ. ಹಾಗಾಗಿ 35ನೇ ಸೆಕೆಂಡಿನವರೆಗೆ, ಅಂದರೆ ಶೇಕಡಾ 50ರವರೆಗೆ, ಸೀರೆ ಬೇಡದವರೂ ನೋಡುತ್ತಾರೆ. ಕೈಕೆಲಸ ಅಂದರೆ ಇಷ್ಟ ಇರುವವರು, ಕಾಲೇಜು ಹುಡುಗರು, ಹೊರ ರಾಜ್ಯದವರು, ಎಲ್ಲರೂ. ಸೀರೆಯನ್ನು ಬಿಡಿಸಿ, ಕೆಂಪು ಸೆರಗಿನ ಬಿಳಿ ಟೋಪ ತೆನಿ ವಿನ್ಯಾಸ ತೋರಿಸಿ, ಉಟ್ಟು ತೋರಿಸಿ, ಬೆಲೆ ಹೇಳುವುದು 45ನೇ ಸೆಕೆಂಡಿನಿಂದ. ಶೇಕಡಾ 75 ಅಂದರೆ 52ನೇ ಸೆಕೆಂಡು. ಅಲ್ಲಿಯವರೆಗೆ ಇದ್ದವರು ಸೀರೆ ನೋಡಿದ್ದಾರೆ, ಬೆಲೆ ಕೇಳಿದ್ದಾರೆ, ಆದರೂ ಮುಂದಕ್ಕೆ ಹೋಗಿಲ್ಲ. ನಮಗೆ ಬೇಕಾದವರು ಅವರೇ.

ಬೆಲೆಯನ್ನು 10ನೇ ಸೆಕೆಂಡಿನಲ್ಲೇ ಹೇಳುವ ವಿಡಿಯೋ ಆಗಿದ್ದರೆ ಶೇಕಡಾ 25 ಸಾಕಾಗುತ್ತಿತ್ತು.

ಶೇಕಡಾ 75, ಕಳೆದ 30 ದಿನ ಅಂತ ಮಾಡಿದ ಮೇಲೆ ಪಟ್ಟಿ 1,40,000ದಿಂದ 6,500ಕ್ಕೆ ಇಳಿಯಿತು. ಸೀರೆಯ ಪುಟ ನೋಡಿದವರನ್ನೂ ಕೊಂಡವರನ್ನೂ ಇದರಿಂದ ಹೊರಗಿಟ್ಟೆವು. ಇಲ್ಲದಿದ್ದರೆ ಒಬ್ಬರೇ ಎರಡೂ ಪಟ್ಟಿಯಲ್ಲಿದ್ದು ಎರಡೂ ಕಡೆಯ ಜಾಹೀರಾತು ನೋಡಬೇಕಾಗುತ್ತದೆ, ನಮ್ಮ ಹನ್ನೆರಡರ ಲೆಕ್ಕ ಕೆಡುತ್ತದೆ.

ಇವರಿಗೆ ರೀಚ್ ಗುರಿಯ ಕ್ಯಾಂಪೇನು ಹಾಕಿ, 7 ದಿನಕ್ಕೆ 2 ಸಲ ಅಂತ ಮಿತಿ ಇಟ್ಟೆವು. 6,500 ಜನಕ್ಕೆ ಎರಡೆರಡು ಸಲ, ಸಾವಿರಕ್ಕೆ 60 ರೂಪಾಯಿಯಂತೆ ವಾರಕ್ಕೆ 780, ದಿನಕ್ಕೆ ಸುಮಾರು 110. ಇದಕ್ಕಿಂತ ಜಾಸ್ತಿ ಕೊಟ್ಟರೂ ಮಿತಿ ಇರುವುದರಿಂದ ಖರ್ಚಾಗುವುದಿಲ್ಲ. ರೀಚ್ ಗುರಿಗೆ ಒಂದು ಕೊರತೆ ಇದೆ: ಯಾರು ಒತ್ತುತ್ತಾರೆ ಅಂತ ಅದು ಹುಡುಕುವುದಿಲ್ಲ, ಪಟ್ಟಿಯಲ್ಲಿ ಇದ್ದವರಿಗೆಲ್ಲ ಹಂಚುತ್ತದೆ. ಪಟ್ಟಿಯನ್ನೇ ಇಷ್ಟು ಸೋಸಿದ ಮೇಲೆ ಆ ಕೊರತೆ ನನಗೆ ದೊಡ್ಡದು ಅನ್ನಿಸಲಿಲ್ಲ.

ಏನಾಯಿತು

ಎಲ್ಲವನ್ನೂ ಒಂದೇ ದಿನ ಬದಲಿಸಲಿಲ್ಲ. ಮೊದಲು ಉತ್ಪನ್ನ ನೋಡಿದವರ ಕ್ಯಾಂಪೇನು ಮಾತ್ರ. ಉಳಿದ ದುಡ್ಡನ್ನು ಬೇರೆ ಕಡೆ ಹಾಕದೆ ನಾಲ್ಕು ವಾರ ಹಾಗೇ ಬಿಟ್ಟೆವು. ಹಾಕಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುತ್ತಿರಲಿಲ್ಲ.

ಬದಲಾವಣೆಗೆ ಮೊದಲಿನ ನಾಲ್ಕು ವಾರದಲ್ಲಿ ವೆಬ್‌ಸೈಟಿನ ಒಟ್ಟು ಆರ್ಡರ್ 49. ಅದರಲ್ಲಿ 40 ತನ್ನದು ಅಂದಿತ್ತು ಕ್ಯಾಂಪೇನ್. ಆಮೇಲಿನ ನಾಲ್ಕು ವಾರದಲ್ಲಿ ಒಟ್ಟು 47, ಕ್ಯಾಂಪೇನ್ ತನ್ನದು ಅಂದದ್ದು 17. ವಾಟ್ಸಾಪ್ ಆರ್ಡರ್ ಮೊದಲಿನಷ್ಟೇ. ವರದಿಯಲ್ಲಿ 23 ಆರ್ಡರ್ ಮಾಯವಾದವು. ಅಂಗಡಿಯಿಂದ ಹೋದ ಸೀರೆ ಮಾತ್ರ ಹೆಚ್ಚುಕಡಿಮೆ ಅಷ್ಟೇ.

49ಕ್ಕೂ 47ಕ್ಕೂ ಇರುವ ವ್ಯತ್ಯಾಸದಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಇಂಥ ಏರಿಳಿತ ಯಾವ ತಿಂಗಳಲ್ಲೂ ಇರುತ್ತದೆ. ಕೆಲವು ಆರ್ಡರ್ ನಿಜವಾಗಿಯೂ ಕೈತಪ್ಪಿರಬಹುದು. ಅದಕ್ಕೇ ಉಲ್ಟಾ ಲೆಕ್ಕ ಮಾಡಿದೆವು. ಉಳಿದದ್ದು ದಿನಕ್ಕೆ 890ರಂತೆ 28 ದಿನಕ್ಕೆ ಸುಮಾರು 25,000 ರೂಪಾಯಿ. ಒಂದು ಸೀರೆಗೆ ಎಲ್ಲ ಖರ್ಚು ಕಳೆದು ಮಾಲಕಿಗೆ ಸಿಗುವುದು ಸುಮಾರು 900. ಹತ್ತು ಸೀರೆ ಕೈತಪ್ಪಿದ್ದರೂ ನಷ್ಟ 9,000. ಉಳಿತಾಯಕ್ಕೆ ಸರಿಯಾಗಬೇಕಾದರೆ ಸುಮಾರು 28 ಸೀರೆ ಕೈತಪ್ಪಿರಬೇಕು. ಅಷ್ಟು ತಪ್ಪಿಲ್ಲ ಅನ್ನೋದಂತೂ ಖಚಿತ.

12ರ ಬದಲು 8 ಸಾಕಿತ್ತೇ, 15 ಬೇಕಿತ್ತೇ? ಇಷ್ಟು ಸಣ್ಣ ವ್ಯಾಪಾರದ ಅಂಕಿಗಳಿಂದ ಅದು ತಿಳಿಯುವುದಿಲ್ಲ. 110 ಬೇಡ ಅನ್ನುವುದು ತಿಳಿಯುತ್ತದೆ.

ಐದನೇ ವಾರದಿಂದ ವಿಡಿಯೋ ನೋಡಿದವರ ಕ್ಯಾಂಪೇನು ಬದಲಾಯಿತು. ಉಳಿದ ದುಡ್ಡಿನಲ್ಲಿ 500 ರೂಪಾಯಿ ಹೊಸ ಜನರಿಗೆ ವಿಡಿಯೋ ತೋರಿಸಲು ಹೋಯಿತು. ಈಗ ಅದಕ್ಕೆ ದಿನಕ್ಕೆ 1,000. ಅಲ್ಲಿಂದ ಜನ ಬಂದರೆ ತಾನೆ ಎರಡೂ ಪಟ್ಟಿ ತುಂಬುವುದು? ಸೀರೆಯ ಪುಟ ನೋಡುವವರು ದಿನಕ್ಕೆ 60 ಇದ್ದದ್ದು ನಿಧಾನಕ್ಕೆ 90ರ ಹತ್ತಿರ ಬಂತು. ಅದಕ್ಕೆ ತಕ್ಕ ಹಾಗೆ 110 ರೂಪಾಯಿಯನ್ನು 160 ಮಾಡಿದೆವು.

ಈ ಪಟ್ಟಿಗಳು ಎಂದೂ ಪೂರ್ತಿ ಇರುವುದಿಲ್ಲ ಅನ್ನೋದು ನೆನಪಿರಲಿ. 2021ರ ಏಪ್ರಿಲ್‌ನಲ್ಲಿ ಬಂದ ಐಓಎಸ್ 14.5ರಿಂದ ಐಫೋನ್ ಬಳಸುವವರು ತಮ್ಮನ್ನು ಹಿಂಬಾಲಿಸಬೇಡಿ ಅನ್ನಬಹುದು. ಅಂಥವರಲ್ಲಿ ಹಲವರು ವೆಬ್‌ಸೈಟ್ ಪಟ್ಟಿಗೆ ಸೇರುವುದಿಲ್ಲ. ಹಾಗಾಗಿ ಹೊಸ ಜನ ಎಷ್ಟು ಅಂತ ಎಣಿಸುವಾಗ ವೆಬ್‌ಸೈಟಿಗೆ ಬಂದವರ ಲೆಕ್ಕ ಹಿಡಿಯಬೇಡಿ. ಜಾಹೀರಾತು ತಲುಪಿದವರ ಲೆಕ್ಕ ಹಿಡಿಯಿರಿ. ವೆಬ್‌ಸೈಟಿನ ಲೆಕ್ಕ ದೊಡ್ಡದಿರುತ್ತದೆ, ಅದನ್ನು ಹಿಡಿದರೆ ಬಜೆಟ್ ಜಾಸ್ತಿಯಾಗಿ ಸಿಕ್ಕವರ ಮೇಲೇ ಎಲ್ಲ ಬೀಳುತ್ತದೆ.

ದೀಪಾವಳಿ ಹೊತ್ತಿಗೆ ಲೆಕ್ಕ ಮತ್ತೆ ಬದಲಾಗುತ್ತದೆ. ದೊಡ್ಡ ಕಂಪನಿಗಳು ಜಾಹೀರಾತಿಗೆ ಮುಗಿಬೀಳುವುದರಿಂದ ಸಾವಿರ ಇಂಪ್ರೆಷನ್ನಿನ ಬೆಲೆ ಏರುತ್ತದೆ. ನೋಡುವವರೂ ಜಾಸ್ತಿ ಆಗುತ್ತಾರೆ. ದಿನಕ್ಕೆ 130 ಜನ, ಸಾವಿರಕ್ಕೆ 200 ರೂಪಾಯಿ ಅಂದರೆ 12 ಸಲಕ್ಕೆ ದಿನಕ್ಕೆ 312 ಬೇಕು. ಹಳೆಯ 160ರಲ್ಲೇ ಬಿಟ್ಟರೆ ಒಬ್ಬರಿಗೆ ಆರು ಸಲ ಮಾತ್ರ ಸಿಗುತ್ತದೆ, ಅದೂ ಜನ ಕೊಳ್ಳುವ ಮನಸ್ಸಿನಲ್ಲಿರುವ ದಿನಗಳಲ್ಲಿ. ಹಬ್ಬ ಮುಗಿದ ವಾರ 312ರಲ್ಲೇ ಬಿಟ್ಟರೆ ಉಲ್ಟಾ. ಮಾಲಕಿ ಪ್ರತಿ ಸೋಮವಾರ ವಾಟ್ಸಾಪ್ ನಂಬರು ಹಾಕುವಾಗಲೇ ಈ ಗುಣಾಕಾರವನ್ನೂ ಮಾಡುತ್ತಾರೆ.

ಇತ್ತೀಚೆಗೆ ಅವರು ಅದೇ ವಿಡಿಯೋವನ್ನು ಯೂಟ್ಯೂಬ್‌ಗೂ ಹಾಕಿದ್ದಾರೆ. ಗೂಗಲ್ ಆ್ಯಡ್ಸ್‌ನ ವಿಡಿಯೋ ಮತ್ತು ಡಿಸ್‌ಪ್ಲೇ ಕ್ಯಾಂಪೇನುಗಳಲ್ಲಿ ದಿನಕ್ಕೆ, ವಾರಕ್ಕೆ, ತಿಂಗಳಿಗೆ ಎಷ್ಟು ಸಲ ಅಂತ ಕೈಯಾರೆ ಮಿತಿ ಹಾಕಬಹುದು. ಆದರೆ ಮೆಟಾ ಎಷ್ಟು ಸಲ ತೋರಿಸಿದೆ ಅಂತ ಗೂಗಲ್‌ಗೆ ಗೊತ್ತಿಲ್ಲ, ಗೂಗಲ್‌ನದ್ದು ಮೆಟಾಕ್ಕೆ ಗೊತ್ತಿಲ್ಲ. ನೋಡುವ ಗಿರಾಕಿಗೆ ಎರಡೂ ಸೇರಿಯೇ ಬರುತ್ತದೆ. ಅದಕ್ಕೆ ಸೀರೆಯ ಪುಟ ನೋಡಿದವರನ್ನು ಮೆಟಾದಲ್ಲಿ ಮಾತ್ರ ಹಿಂಬಾಲಿಸುವುದು, ಯೂಟ್ಯೂಬ್‌ನಲ್ಲಿ ಬರೀ ಅಲ್ಲಿ ವಿಡಿಯೋ ನೋಡಿದವರಿಗೆ ವಾರಕ್ಕೆ 2 ಸಲ ತೋರಿಸುವುದು ಅಂತ ಹಂಚಿಕೊಂಡಿದ್ದೇವೆ.